ಪ್ರಕರಣಗಳ ನಕ್ಷೆ ಮಾಡಿದರೆ ಜನಸಂಖ್ಯೆಯ ನಕ್ಷೆ ಬಂತು, ಏನು ಮಾಡಲಿ?

ಕೇಳಿದವರು: ಹೊಸನಕ್ಷೆ

ಒಂದು ವರ್ಷದ ನಾಯಿ ಕಡಿತದ ಪ್ರಕರಣಗಳನ್ನು 40 ವಲಯಗಳ ನಕ್ಷೆಯಲ್ಲಿ ಬಣ್ಣ ತುಂಬಿ ತೋರಿಸಿದ್ದೇನೆ. QGIS ಬಳಸಿದೆ. ಪ್ರಕರಣ ಜಾಸ್ತಿ ಇದ್ದಲ್ಲಿ ಕಡುಗೆಂಪು. ನೋಡಿದವರೆಲ್ಲ "ಇದು ಜನ ಎಲ್ಲಿ ಜಾಸ್ತಿ ಇದ್ದಾರೆ ಅನ್ನೋ ನಕ್ಷೆ ಅಲ್ವಾ?" ಅನ್ನುತ್ತಿದ್ದಾರೆ. ನನಗೂ ಹಾಗೇ ಅನಿಸುತ್ತಿದೆ. ಜನಸಂಖ್ಯೆಯಿಂದ ಭಾಗಿಸಿದರೆ ಸಾಕಾ? ಇಂಥ ನಕ್ಷೆ ಮಾಡಿದವರು ದಯವಿಟ್ಟು ಅನುಭವ ಹೇಳಿ.

ಬಣ್ಣದಪೆಟ್ಟಿಗೆ

ನಿಮ್ಮ ತೊಂದರೆ ವರ್ಗ ಮಾಡಿದ ರೀತಿಯಲ್ಲಿದೆ ಅನಿಸುತ್ತೆ. Symbology ಒಳಗೆ Mode ಅನ್ನೋ ಕಡೆ Equal Interval ಇದ್ದರೆ ಹೀಗೇ ಆಗೋದು. ಒಂದೆರಡು ದೊಡ್ಡ ಊರು ಕಡುಗೆಂಪಾಗಿ, ಉಳಿದದ್ದೆಲ್ಲ ಪೇಲವವಾಗಿ ಕಾಣುತ್ತೆ. Equal Count (Quantile) ಹಾಕಿ ನೋಡಿ. ಐದು ವರ್ಗ ಮಾಡಿದರೆ ಒಂದೊಂದರಲ್ಲೂ ಎಂಟು ವಲಯ ಬರುತ್ತೆ, ನಕ್ಷೆಗೆ ಜೀವ ಬರುತ್ತೆ. ಕೆಂಪಿನ ಬದಲು ಒಂದೇ ನೀಲಿಯ ತೆಳು ಮತ್ತು ಗಾಢ ಛಾಯೆಗಳನ್ನು ಹಾಕಿದರೆ ಕಣ್ಣಿಗೂ ಹಿತ.

ರೇಖಾಂಶ

ವರ್ಗದ ಬಗ್ಗೆ ಹೇಳಿದ್ದು ನಿಜ, ಆದರೆ ಅದರಿಂದ ಈ ತೊಂದರೆ ಹೋಗೋದಿಲ್ಲ. ವರ್ಗ ಬದಲಿಸಿದರೆ ಗೆರೆ ಎಲ್ಲಿ ಬೀಳುತ್ತೆ ಅನ್ನೋದಷ್ಟೇ ಬದಲಾಗುತ್ತೆ. ವಲಯಗಳ ಸರದಿ ಬದಲಾಗೋದಿಲ್ಲ. ಮೊದಲು ಮೇಲಿದ್ದ ದೊಡ್ಡ ಊರು ಈಗಲೂ ಮೇಲೇ ಇರುತ್ತೆ.

ಮೊದಲು ಅನುಮಾನ ಪಕ್ಕಾ ಮಾಡಿಕೊಳ್ಳಿ. ಅದೇ ಬಣ್ಣ, ಅದೇ ಐದು ವರ್ಗ ಇಟ್ಟುಕೊಂಡು ಬರೀ ಜನಸಂಖ್ಯೆಯ ಇನ್ನೊಂದು ನಕ್ಷೆ ಮಾಡಿ ಪಕ್ಕದಲ್ಲಿಡಿ. ಎರಡೂ ಹೆಚ್ಚುಕಮ್ಮಿ ಒಂದೇ ಥರ ಕಂಡರೆ ನಿಮ್ಮ ನಕ್ಷೆ ನಾಯಿ ಕಡಿತದ ಬಗ್ಗೆ ಏನೂ ಹೇಳುತ್ತಿಲ್ಲ. ಆಮೇಲೆ ಭಾಗಾಕಾರ. Value ಜಾಗದಲ್ಲಿ ಕಾಲಂ ಹೆಸರಿನ ಬದಲು ಇದನ್ನು ಹಾಕಿ:

```
"cases" * 100000.0 / "population"
```

ಕಾಲಂ ಹೆಸರು ನಿಮ್ಮ ಕಡತದಲ್ಲಿ ಇರುವ ಹಾಗೆ ಬದಲಿಸಿಕೊಳ್ಳಿ. ಜನರೇ ಇಲ್ಲದ ವಲಯ ಇದ್ದರೆ, ಅದನ್ನು ಬೇರೆ ಮಾಡಿ ಬೂದು ಬಣ್ಣ ಕೊಡಿ. ಅದು ಸೊನ್ನೆ ದರದ ವಲಯ ಅಲ್ಲ, ದರವೇ ಇಲ್ಲದ ವಲಯ. ಈ ಲೆಕ್ಕವನ್ನು PostgreSQL ಒಳಗೆ ಮಾಡುವುದಾದರೆ ಇನ್ನೊಂದು ವಿಷಯ ನೆನಪಿರಲಿ. ಅಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ದಶಮಾಂಶ ಬಿದ್ದುಹೋಗುತ್ತೆ, `cases / population` ಅಂತ ಬರೆದರೆ ಎಲ್ಲ ವಲಯಕ್ಕೂ ಸೊನ್ನೆ ಬರುತ್ತೆ. ಅದಕ್ಕೇ 100000 ಮುಂದೆ ಆ `.0` ಇಟ್ಟಿದ್ದೇನೆ.

ಲೆಕ್ಕಕ್ಕೆ ಅಂತ ನಾಲ್ಕು ವಲಯ ಇಟ್ಟುಕೊಳ್ಳೋಣ. 'ಅ' ವಲಯದಲ್ಲಿ 24 ಲಕ್ಷ ಜನ, 7200 ಪ್ರಕರಣ. 'ಬ' ವಲಯದಲ್ಲಿ 3 ಲಕ್ಷ ಜನ, 1500 ಪ್ರಕರಣ. 'ಕ' ವಲಯದಲ್ಲಿ 6 ಲಕ್ಷ ಜನ, 1200 ಪ್ರಕರಣ. ಬರೀ ಎಣಿಕೆ ನೋಡಿದರೆ 'ಅ' ಎಲ್ಲರಿಗಿಂತ ಕೆಟ್ಟದ್ದು, 'ಬ' ಮತ್ತು 'ಕ' ಸುಮಾರು ಒಂದೇ. ಭಾಗಿಸಿದ ಮೇಲೆ ಲಕ್ಷಕ್ಕೆ 'ಅ' 300, 'ಬ' 500, 'ಕ' 200. ಎಣಿಕೆಯಲ್ಲಿ ಜೋಡಿಯಂತಿದ್ದ 'ಬ' ಮತ್ತು 'ಕ' ಈಗ ಎರಡು ತುದಿಗೆ ಹೋದವು. 'ಅ' ಸಾಮಾನ್ಯ ಮಟ್ಟದಲ್ಲೇ ಇದೆ. ನಿಜವಾಗಿ ಗಮನ ಕೊಡಬೇಕಾದದ್ದು 'ಬ'.

ನಾಲ್ಕನೇ ವಲಯ 'ಡ'. ಅಲ್ಲಿ ಇರೋದು 2000 ಜನ, 10 ಪ್ರಕರಣ. ಅದರ ಮಾತು ಸದ್ಯಕ್ಕೆ ಬೇಡ, ನೀವು ಭಾಗಿಸಿ ನೋಡಿ ಬನ್ನಿ.

ಅಂದಹಾಗೆ, ಇಂಥ ಛಾಯೆ ತುಂಬಿದ ನಕ್ಷೆಗಳಲ್ಲಿ ಮೊದಲನೆಯದು ಅಂತ ಹೇಳುವುದು ಫ್ರಾನ್ಸಿನ ಶಾರ್ಲ್ ದುಪಾಂ 1826ರಲ್ಲಿ ಶಾಲಾ ಶಿಕ್ಷಣದ ಬಗ್ಗೆ ಮಾಡಿದ ನಕ್ಷೆಯನ್ನು. ಅವನು ಎಷ್ಟು ಹುಡುಗರು ಶಾಲೆಗೆ ಹೋಗುತ್ತಾರೆ ಅಂತ ಎಣಿಕೆ ತೋರಿಸಲಿಲ್ಲ. ಶಾಲೆಗೆ ಹೋಗುವ ಒಬ್ಬ ಹುಡುಗನಿಗೆ ಎಷ್ಟು ಜನಸಂಖ್ಯೆ ಅನ್ನೋ ಪ್ರಮಾಣ ತೋರಿಸಿದ. ಭಾಗಿಸೋದು ಈ ಕಲೆಯ ಮೊದಲ ದಿನದಿಂದಲೂ ಇದೆ.

ಅಳತೆಗೋಲು

ಜನಸಂಖ್ಯೆ ಯಾಕೆ, ವಿಸ್ತೀರ್ಣದಿಂದ ಭಾಗಿಸಿ. ಚದರ ಕಿಲೋಮೀಟರಿಗೆ ಎಷ್ಟು ಕಡಿತ ಅಂತ. ವಲಯಗಳ ಗಾತ್ರ ಬೇರೆ ಬೇರೆ ಇದ್ದಾಗ ಅದೇ ಸರಿಯಾದ ದಾರಿ ಅಲ್ವಾ?

ರೇಖಾಂಶ

ಅಗಲವಾದ ವಲಯಕ್ಕೆ ಜಾಸ್ತಿ ಎಣಿಕೆ ಬರುತ್ತೆ ಅನ್ನೋ ತೊಂದರೆ ಅದರಿಂದ ಹೋಗುತ್ತೆ, ಅಷ್ಟು ಸರಿ. ಆದರೆ ಜನ ಒತ್ತಾಗಿರುವ ಕಡೆ ಚದರ ಕಿಲೋಮೀಟರಿಗೆ ಕಡಿತವೂ ಜಾಸ್ತಿ, ಜ್ವರವೂ ಜಾಸ್ತಿ, ಮದುವೆಯೂ ಜಾಸ್ತಿ. ಅಂದರೆ ಜನಸಂಖ್ಯೆ ತೆಗೆದು ಜನಸಾಂದ್ರತೆಯ ನಕ್ಷೆ ಮಾಡಿದ ಹಾಗಾಯಿತು. ಒಬ್ಬ ಮನುಷ್ಯನಿಗೆ ಅಪಾಯ ಎಷ್ಟು ಅನ್ನೋದು ನಿಮ್ಮ ಪ್ರಶ್ನೆ ಆದರೆ ಭಾಗಾಕಾರದ ಕೆಳಗೆ ಮನುಷ್ಯರೇ ಇರಬೇಕು.

ಹೊಸನಕ್ಷೆ

ಭಾಗಿಸಿದೆ ಸರ್. ನಕ್ಷೆ ಪೂರ್ತಿ ಬದಲಾಯಿತು. ದೊಡ್ಡ ಊರುಗಳು ಮಧ್ಯದ ಬಣ್ಣಕ್ಕೆ ಬಂದವು. ಆದರೆ ಈಗ ಕಾಡಂಚಿನ ಪುಟ್ಟ ಪುಟ್ಟ ವಲಯಗಳು ಕಡುಗೆಂಪಾಗಿವೆ. ಅವುಗಳ ಪಕ್ಕದಲ್ಲೇ ಇರುವ ಅಂಥದ್ದೇ ಪುಟ್ಟ ವಲಯಗಳು ತೀರಾ ಪೇಲವ. ಹಿಂದಿನ ವರ್ಷದ ಅಂಕಿ ಹಾಕಿದರೆ ಕೆಂಪು ಇದ್ದದ್ದು ಪೇಲವ, ಪೇಲವ ಇದ್ದದ್ದು ಕೆಂಪು. ಇದು ನಿಜವಾ?

ರೇಖಾಂಶ

ನಾನು 'ಡ' ವಲಯವನ್ನು ಪಕ್ಕಕ್ಕಿಟ್ಟಿದ್ದು ಇದಕ್ಕೇ. 2000 ಜನಕ್ಕೆ 10 ಪ್ರಕರಣ, ಅಂದರೆ ಲಕ್ಷಕ್ಕೆ 500. 'ಬ' ವಲಯದ್ದೂ 500. ನಕ್ಷೆಯಲ್ಲಿ ಎರಡಕ್ಕೂ ಒಂದೇ ಕೆಂಪು. ಆದರೆ ಎರಡೂ ಒಂದೇ ಅಲ್ಲ.

ಹೀಗೆ ನೋಡಿ. ನಾಲ್ಕೂ ವಲಯ ಸೇರಿಸಿದರೆ ಸರಾಸರಿ ದರ ಲಕ್ಷಕ್ಕೆ ಸುಮಾರು 300. ಆ ಸರಾಸರಿಯ ಪ್ರಕಾರ 'ಡ' ವಲಯದಲ್ಲಿ 6 ಪ್ರಕರಣ ನಿರೀಕ್ಷಿಸಬೇಕು. ಅಪರೂಪದ, ಬಿಡಿಬಿಡಿ ಘಟನೆಗಳ ಎಣಿಕೆ ಸುಮ್ನೆ ಆಕಸ್ಮಿಕವಾಗಿಯೇ ಏರಿಳಿಯುತ್ತೆ, ಆ ಏರಿಳಿತ ಸುಮಾರು ನಿರೀಕ್ಷೆಯ ವರ್ಗಮೂಲದಷ್ಟು. 6ರ ವರ್ಗಮೂಲ ಎರಡೂವರೆಗೆ ಹತ್ತಿರ. 10 ಅಂದರೆ ನಿರೀಕ್ಷೆಗಿಂತ 4 ಜಾಸ್ತಿ, ಅದು ಆ ಏರಿಳಿತದ ಎರಡು ಪಟ್ಟಿನ ಒಳಗೇ ಇದೆ. ಮುಂದಿನ ವರ್ಷ 4 ಬಂದರೆ ದರ 200ಕ್ಕೆ ಇಳಿಯುತ್ತೆ, ಅಲ್ಲಿ ಏನೂ ಬದಲಾಗದೆ. 'ಬ' ವಲಯದಲ್ಲಿ ನಿರೀಕ್ಷೆ 900, ವರ್ಗಮೂಲ 30. ಬಂದದ್ದು 1500. 600 ಜಾಸ್ತಿ ಅಂದರೆ ಆ ಏರಿಳಿತದ 20 ಪಟ್ಟು. ಅದು ಆಕಸ್ಮಿಕ ಅಲ್ಲ, ಅಲ್ಲಿ ಕಾರಣ ಇದೆ.

ಇದಕ್ಕೆ ಪ್ರಸಿದ್ಧ ಉದಾಹರಣೆ ಅಮೆರಿಕದ ಕೌಂಟಿಗಳ ಮೂತ್ರಪಿಂಡ ಕ್ಯಾನ್ಸರ್ ನಕ್ಷೆ, 1980ರ ದಶಕದ್ದು. ದರ ಅತಿ ಹೆಚ್ಚಿರುವ ಕೌಂಟಿಗಳಿಗೆ ಬಣ್ಣ ಹಾಕಿದರೆ ಹೆಚ್ಚಿನವು ಜನ ಕಡಿಮೆ ಇರುವ ಗ್ರಾಮೀಣ ಕೌಂಟಿಗಳು. ಕಾರಣ ಹುಡುಕಲು ಹೊರಟರೆ ಬಡತನ, ದೂರದ ಆಸ್ಪತ್ರೆ ಅಂತ ಎಷ್ಟು ಬೇಕಾದರೂ ಸಿಗುತ್ತೆ. ಆಮೇಲೆ ದರ ಅತಿ ಕಡಿಮೆ ಇರುವ ಕೌಂಟಿಗಳಿಗೆ ಬಣ್ಣ ಹಾಕಿದರೆ ಅವೂ ಅದೇ ಸೀಮೆಯ ಗ್ರಾಮೀಣ ಕೌಂಟಿಗಳೇ. ಎರಡೂ ತುದಿ ಸಣ್ಣ ಜನಸಂಖ್ಯೆಯ ಕೆಲಸ. ಅಂದರೆ ಎಣಿಕೆಯ ನಕ್ಷೆಯಲ್ಲಿ ದೊಡ್ಡ ಜನಸಂಖ್ಯೆ ಕಣ್ಣಿಗೆ ಬೀಳುತ್ತಿತ್ತು, ದರದ ನಕ್ಷೆಯಲ್ಲಿ ಸಣ್ಣ ಜನಸಂಖ್ಯೆ ಬೀಳುತ್ತೆ. ಕಾಡಂಚಿನ ವಲಯ ಅಗಲವಾಗಿಯೂ ಇದ್ದರೆ ಇನ್ನೂ ಕಷ್ಟ. 2000 ಜನರ ಕೆಂಪು ಕಾಗದದ ಕಾಲುಭಾಗ ತುಂಬುತ್ತೆ.

ನಾನು ಸಾಮಾನ್ಯವಾಗಿ ಮೊದಲು ಮೂರು ಅಥವಾ ಐದು ವರ್ಷದ ಪ್ರಕರಣ ಕೂಡಿಸುತ್ತೇನೆ. ಕೆಳಗಿನ ಜನಸಂಖ್ಯೆಯನ್ನೂ ಅಷ್ಟೂ ವರ್ಷದ್ದು ಕೂಡಿಸಬೇಕು, ಮರೆಯಬೇಡಿ. ಆಮೇಲೂ 20ಕ್ಕಿಂತ ಕಡಿಮೆ ಪ್ರಕರಣ ಇರುವ ವಲಯಕ್ಕೆ ಬಣ್ಣದ ಮೇಲೆ ಓರೆ ಗೆರೆ ಹಾಕುತ್ತೇನೆ. ಈ 20 ನನ್ನದಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಸಾವಿನ ಅಂಕಿಅಂಶಗಳಲ್ಲೂ 20ಕ್ಕಿಂತ ಕಡಿಮೆ ಸಾವಿನ ಮೇಲೆ ನಿಂತ ದರಕ್ಕೆ 'ನೆಚ್ಚಿಕೊಳ್ಳುವಂತಿಲ್ಲ' ಅನ್ನೋ ಗುರುತು ಇರುತ್ತೆ.

ಹಳೇಲೆಕ್ಕ

ವರ್ಷ ಕೂಡಿಸಲು ಹಳೆಯ ಅಂಕಿ ಇಲ್ಲದಿದ್ದರೆ ದರವನ್ನು ಸರಾಸರಿಯ ಕಡೆಗೆ ಸ್ವಲ್ಪ ಎಳೆಯಬಹುದು. ಪ್ರತಿ ವಲಯಕ್ಕೂ ಸರಾಸರಿ ದರ ಇರುವ 10,000 ಕಾಲ್ಪನಿಕ ಜನರನ್ನು ಸೇರಿಸಿ. ಅವರ ಜೊತೆ 30 ಪ್ರಕರಣ ಬರುತ್ತೆ. 'ಡ' ವಲಯ 12,000 ಜನಕ್ಕೆ 40 ಆಗುತ್ತೆ, ಲಕ್ಷಕ್ಕೆ 333. 'ಬ' ವಲಯ 3,10,000 ಜನಕ್ಕೆ 1530, ಲಕ್ಷಕ್ಕೆ 494. ದೊಡ್ಡದು ಅಲುಗಲಿಲ್ಲ, ಸಣ್ಣದು ತಣ್ಣಗಾಯಿತು. ಆ 10,000 ಅನ್ನೋದನ್ನು ಅಂದಾಜಿಗೆ ಇಟ್ಟೆ. ನಿಜವಾಗಿ ಅದು ನಿಮ್ಮ ವಲಯಗಳ ದರಗಳು ಎಷ್ಟು ಚದುರಿವೆ ಅನ್ನೋದರಿಂದ ಬರಬೇಕು. GeoDa ತಂತ್ರಾಂಶದಲ್ಲಿ Empirical Bayes ಅಂತ ಇದೆ, ಅದೇ ಲೆಕ್ಕ ಹಾಕಿಕೊಡುತ್ತೆ.

ರೇಖಾಂಶ

ಒಳ್ಳೆಯ ದಾರಿ, ಆದರೆ ಒಂದು ಭಯ ನನಗಿದೆ. ಪುಟ್ಟ ವಲಯದಲ್ಲಿ ನಿಜವಾಗಿಯೇ ಹುಚ್ಚುನಾಯಿ ಓಡಾಡಿ ಒಂದೇ ವಾರ 10 ಜನಕ್ಕೆ ಕಚ್ಚಿದ್ದರೆ ಈ ಎಳೆತ ಅದನ್ನೂ ಮುಚ್ಚಿಬಿಡುತ್ತೆ. ಹಾಗಾಗಿ ಮೂಲ ಎಣಿಕೆಯ ಪಟ್ಟಿಯನ್ನು ನಕ್ಷೆಯ ಜೊತೆ ಕೊಡಿ.

ಲಸಿಕೆಲೆಕ್ಕ

ನಾನು ಲಸಿಕೆ ದಾಸ್ತಾನು ನೋಡಿಕೊಳ್ಳುವವಳು. ನೀವೆಲ್ಲ ಎಣಿಕೆಯನ್ನು ಕೆಟ್ಟದ್ದು ಅನ್ನುತ್ತಿದ್ದೀರಿ. ನನಗೆ ಬೇಕಾದದ್ದು ಎಣಿಕೆಯೇ. 'ಅ' ವಲಯಕ್ಕೆ 7200 ಜನರ ಲಸಿಕೆ ಕಳಿಸಬೇಕು. ಲಕ್ಷಕ್ಕೆ 300 ಅಂತ ಹೇಳಿದರೆ ಪೆಟ್ಟಿಗೆ ಎಷ್ಟು ತುಂಬಲಿ?

ರೇಖಾಂಶ

ಮೇಡಂ, ನಿಮ್ಮ ಕೆಲಸಕ್ಕೆ ಎಣಿಕೆಯೇ ಸರಿ. ಅದನ್ನು ವಲಯಕ್ಕೆ ಬಣ್ಣ ತುಂಬಿ ತೋರಿಸಬೇಡಿ ಅಂತಷ್ಟೇ ನನ್ನ ಮಾತು. ವಲಯದ ನಡುವೆ ಒಂದು ವೃತ್ತ ಇಡಿ, ವೃತ್ತದ ವಿಸ್ತೀರ್ಣ ಎಣಿಕೆಗೆ ತಕ್ಕಂತೆ ಇರಲಿ. ವ್ಯಾಸವನ್ನು ಎಣಿಕೆಗೆ ತಕ್ಕಂತೆ ಮಾಡಿದರೆ ನಾಲ್ಕು ಪಟ್ಟು ಎಣಿಕೆ ಹದಿನಾರು ಪಟ್ಟು ದೊಡ್ಡದಾಗಿ ಕಾಣುತ್ತೆ. ಕೆಳಗೆ ದರದ ಬಣ್ಣ, ಮೇಲೆ ಎಣಿಕೆಯ ವೃತ್ತ ಅಂತ ಒಂದೇ ನಕ್ಷೆಯಲ್ಲೂ ಇಡಬಹುದು.

ಸಂಚಾರಿ

ನನ್ನದು ರಸ್ತೆ ಅಪಘಾತದ ನಕ್ಷೆ. ಹೆದ್ದಾರಿ ಹಾಯುವ, ಜನ ಕಡಿಮೆ ಇರುವ ಒಂದು ವಲಯ ಲಕ್ಷಕ್ಕೆ ಲೆಕ್ಕದಲ್ಲಿ ಎಲ್ಲರಿಗಿಂತ ಮೇಲೆ ಬಂತು. ಅಲ್ಲಿ ಗಾಯಗೊಂಡವರಲ್ಲಿ ಹೆಚ್ಚಿನವರು ಆ ವಲಯದವರೇ ಅಲ್ಲ, ಹಾದು ಹೋಗುವವರು. ಮೇಲಿನ ಅಂಕಿಯಲ್ಲಿ ಅವರಿದ್ದಾರೆ, ಕೆಳಗಿನದರಲ್ಲಿ ಇಲ್ಲ. ವರ್ಷ ಕೂಡಿಸಿದರೂ ಇದು ಸರಿಹೋಗಲಿಲ್ಲ. ಕೊನೆಗೆ ವಾಹನಗಳು ಓಡಿದ ಕಿಲೋಮೀಟರಿನಿಂದ ಭಾಗಿಸಿದ ಮೇಲೆ ಅರ್ಥ ಬಂತು. ನಿಮ್ಮ ಕಡತದಲ್ಲಿ ಪ್ರಕರಣ ಬರೆದಿರೋದು ಕಚ್ಚಿದ ಜಾಗದ ಪ್ರಕಾರವೋ, ಮನೆ ವಿಳಾಸದ ಪ್ರಕಾರವೋ?

ಹೊಸನಕ್ಷೆ

ಎರಡೂ ಅಲ್ಲ. ಚಿಕಿತ್ಸೆ ಕೊಟ್ಟ ಆಸ್ಪತ್ರೆ ಇರುವ ವಲಯದ ಪ್ರಕಾರ ಇದೆ. ಆಸ್ಪತ್ರೆ ಇಲ್ಲದ ವಲಯಗಳಲ್ಲಿ ಸೊನ್ನೆ ಇದೆ, ಈಗ ಗಮನಿಸಿದೆ.

ಹಳೇಲೆಕ್ಕ

ಹಾಗಾದರೆ ಕೆಳಗೆ ಆ ಆಸ್ಪತ್ರೆಗೆ ಬರುವ ಸುತ್ತಲಿನ ಎಲ್ಲ ವಲಯಗಳ ಜನಸಂಖ್ಯೆ ಬರಬೇಕು. ಯಾವ ವಲಯದ ಜನ ಯಾವ ಆಸ್ಪತ್ರೆಗೆ ಹೋಗುತ್ತಾರೆ ಅನ್ನೋದು ಅಂದಾಜಿಗೆ ಗೊತ್ತಿದ್ದರೆ ವಲಯಗಳನ್ನು ಹಾಗೇ ಗುಂಪು ಮಾಡಿ. 40 ಇದ್ದದ್ದು ಹತ್ತೋ ಹನ್ನೆರಡೋ ಆಗಬಹುದು, ಪರವಾಗಿಲ್ಲ.

ಸಂಚಾರಿ

ನಾನು ಒಪ್ಪಲ್ಲ. ಗುಂಪು ಮಾಡಿದರೆ 'ಬ' ಥರದ ವಲಯವೇ ಕರಗಿಹೋಗುತ್ತೆ. ಆಸ್ಪತ್ರೆಯ ದಾಖಲೆ ಪುಸ್ತಕದಲ್ಲಿ ವಿಳಾಸ ಇರುತ್ತೆ. ಒಂದು ತಿಂಗಳಿನದ್ದಾದರೂ ತೆಗೆದು ಮನೆ ಇರುವ ವಲಯದ ಪ್ರಕಾರ ಮತ್ತೆ ಎಣಿಸಿ.

ಹೊಸನಕ್ಷೆ

ವಿಳಾಸ ಕೇಳಿ ನೋಡುತ್ತೇನೆ, ಎಲ್ಲ ಕಡೆ ಬರೆದಿರುತ್ತಾರೋ ಇಲ್ಲವೋ. ಅಲ್ಲಿಯವರೆಗೆ ಈ ದರದ ನಕ್ಷೆಯನ್ನು ಯಾರಿಗೂ ಕಳಿಸೋದಿಲ್ಲ.

ರೇಖಾಂಶ

ಕಳಿಸಲೇಬೇಕಾಗಿ ಬಂದರೆ ಬಣ್ಣ ತೆಗೆದು, ಆಸ್ಪತ್ರೆ ಇರುವ ಜಾಗದಲ್ಲೇ ಎಣಿಕೆಯ ವೃತ್ತ ಇಡಿ. ಶೀರ್ಷಿಕೆ 'ಚಿಕಿತ್ಸೆ ಪಡೆದವರು, ಆಸ್ಪತ್ರೆವಾರು' ಅಂತ ಇರಲಿ. ಆಸ್ಪತ್ರೆ ಇಲ್ಲದ ವಲಯಗಳನ್ನು ಸೊನ್ನೆ ಅಂತ ತೋರಿಸಬೇಡಿ, ಖಾಲಿ ಬಿಡಿ.