‘ಟ್ರಿಗರ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನೋಣ? ‘ಬಸ್ಸು ಬಿಡುವುದು’ ಎಂದರೆ ಓಡಿಸುವುದೇ, ಕೈಬಿಡುವುದೇ?

ಪ್ರಶ್ನೆ (ದಾವಣಗೆರೆ):

ಇಲ್ಲಿನ ಒಂದು ಪ್ರವಾಸ ಕಚೇರಿಯ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಕೊಲ್ಲೂರು, ಉಡುಪಿ, ಧರ್ಮಸ್ಥಳ, ಸುಬ್ರಹ್ಮಣ್ಯಕ್ಕೆ ಹೋಗುವ ಕಾರ್ತಿಕದ ಮೂರು ದಿನಗಳ ಪ್ರವಾಸಕ್ಕೆ ಜನ ಎಷ್ಟು ಬರುತ್ತಾರೆಂದು ಮೊದಲೇ ಹೇಳಲಾಗದ್ದರಿಂದ, ಕಡಿಮೆ ಬಂದರೆ, ಸಾಧಾರಣ ಬಂದರೆ, ಹೆಚ್ಚು ಬಂದರೆ ಏನು ಮಾಡಬೇಕೆಂದು ಹುಡುಗರಿಗಾಗಿ ಕನ್ನಡದಲ್ಲಿ ಒಂದು ಹಾಳೆ ಬರೆಯುತ್ತಿದ್ದೇನೆ.

ಲೆಕ್ಕ ಹೀಗಿದೆ. ತಲಾ 3,200 ರೂಪಾಯಿಯಲ್ಲಿ ಊಟ, ವಸತಿಗೆ 1,200 ಹೋದರೆ 2,000 ಉಳಿಯುತ್ತದೆ. 49 ಸೀಟಿನ ಬಸ್ಸಿಗೆ ಬಾಡಿಗೆ, ಟೋಲ್, ಚಾಲಕರ ಬತ್ತೆ ಸೇರಿ 60,000 ಆಗುವುದರಿಂದ 30 ಜನ ಬಂದರೆ ಅಸಲು. 21 ಸೀಟಿನ ಮಿನಿ ಬಸ್ಸಿಗೆ 34,000, ಅಂದರೆ 17 ಜನ. ಹೊರಡಲು 20 ದಿನ ಇರುವಾಗ, ಕೊನೆಗೆ ಬರುವ ಜನರಲ್ಲಿ ಮೂರರಲ್ಲಿ ಎರಡು ಪಾಲು ಬುಕ್ ಮಾಡಿರುತ್ತಾರೆಂದು ನಮ್ಮ ಹಳೆಯ ಪುಸ್ತಕಗಳು ಹೇಳುತ್ತವೆ. ಆದ್ದರಿಂದ ಆ ದಿನ 20ಕ್ಕಿಂತ ಕಡಿಮೆ ಜನ ಮುಂಗಡ ಕಟ್ಟಿದ್ದರೆ ದೊಡ್ಡ ಬಸ್ಸು ರದ್ದು ಮಾಡಿ ಮಿನಿ ಬಸ್ಸು. 44 ದಾಟಿದ್ದರೆ ಎರಡನೆಯದಾಗಿ ಒಂದು ಮಿನಿ ಬಸ್ಸು, ಏಕೆಂದರೆ ಕೊನೆಗೆ 66 ಆದರೆ ಅದರಲ್ಲಿ 17 ಜನ ಕೂರುತ್ತಾರೆ. ನಡುವೆ ಇದ್ದರೆ ಏನನ್ನೂ ಮುಟ್ಟಬಾರದು.

ಇಂಗ್ಲಿಷಿನಲ್ಲಿ ‘ಟ್ರಿಗರ್’ ಎನ್ನುವ ಈ 20 ಮತ್ತು 44ನ್ನು ಕನ್ನಡದಲ್ಲಿ ಏನೆಂದು ಕರೆಯಲಿ? ಇನ್ನೊಂದು ತೊಡಕೂ ಇದೆ. ಕಳೆದ ವರ್ಷ ‘44 ದಾಟಿದರೆ ಎರಡನೇ ಬಸ್ಸು ಬಿಡುವುದು’ ಎಂದು ಬರೆದಿದ್ದೆ. ಹೊಸದಾಗಿ ಬಂದಿದ್ದ ಹುಡುಗ ‘ಕೈಬಿಡುವುದು’ ಎಂದು ತಿಳಿದು, ಹೇಳಿಟ್ಟಿದ್ದ ಗಾಡಿಯನ್ನೇ ಬೇಡವೆಂದ.

ಉತ್ತರ, ದಾವಣಗೆರೆಯ ಉಪನ್ಯಾಸಕರೊಬ್ಬರಿಂದ:

‘ಪ್ರಚೋದಕ’ ಎಂಬ ಪದ ಸಿದ್ಧವಾಗಿಯೇ ಇದೆ, ಅದನ್ನೇ ಬಳಸಿ. ಬಂದೂಕಿನದಾದರೆ ‘ಕುದುರೆ’ ಎನ್ನುತ್ತಾರೆ, ಅದು ಇಲ್ಲಿ ಹೊಂದದು. ‘ಬಿಡು’ ಬದಲು ‘ಓಡಿಸು’ ಎಂದರೆ ಗೊಂದಲವಿರದು.

ಉತ್ತರ, ಹೊಳಲ್ಕೆರೆಯ ಶಿಕ್ಷಕಿಯೊಬ್ಬರಿಂದ:

ನಮ್ಮ ಶಾಲೆಯ ಪ್ರವಾಸಕ್ಕೂ ಇದೇ ಪಾಡು. 60 ಮಕ್ಕಳು ಹೆಸರು ಕೊಟ್ಟರು, ಹಣ ಕಟ್ಟಿದವರು 38. ಮಕ್ಕಳಿಗೆ ರಿಯಾಯಿತಿ ದರ ನಿಮ್ಮಲ್ಲಿ ಉಂಟೇ?

ಉತ್ತರ, ಚಿತ್ರದುರ್ಗದಲ್ಲಿ ಬಹುಕಾಲ ಗಾಡಿ ನಡೆಸಿದವರೊಬ್ಬರಿಂದ:

ಶಿಕ್ಷಕಿಯವರು ಕೇಳಿದ್ದು ಬೇರೆಯಾದರೂ ಹೇಳಿದ ಮಾತು ಮುಖ್ಯವಾದದ್ದು. ಎಣಿಸಬೇಕಾದದ್ದು ಹೆಸರನ್ನಲ್ಲ, ಮುಂಗಡವನ್ನು. ಹಾಳೆಯಲ್ಲಿ ‘ಬುಕಿಂಗ್’ ಎಂದಷ್ಟೇ ಬರೆದರೆ ಫೋನಿನಲ್ಲಿ ವಿಚಾರಿಸಿದವರನ್ನೂ ಸೇರಿಸಿಬಿಡುತ್ತಾರೆ.

‘ಪ್ರಚೋದಕ’ ನನಗೆ ಒಪ್ಪಿಗೆಯಿಲ್ಲ. ಅದು ತಾನೇ ಕೆಲಸವನ್ನು ಆಗಿಸುವ ವಸ್ತು. ನಿಮ್ಮ 44 ತಾನಾಗಿ ಏನನ್ನೂ ಮಾಡುವುದಿಲ್ಲ. ಕೆರೆಯ ಮಾತಿನಲ್ಲಿ ಈ ಭೇದ ಸ್ಪಷ್ಟವಾಗಿದೆ. ವಾಣಿವಿಲಾಸ ಸಾಗರ 2022ರಲ್ಲಿ ಕೋಡಿ ಬಿದ್ದಾಗ ಯಾರ ಅಪ್ಪಣೆಯೂ ಬೇಕಿರಲಿಲ್ಲ, ನೀರು ಮಟ್ಟ ಮುಟ್ಟಿತು, ಹರಿಯಿತು. ಗದ್ದೆಗೆ ನೀರು ಬಿಡುವ ತೂಬು ಹಾಗಲ್ಲ, ಕೆರೆಯ ಮಟ್ಟ ನೋಡಿ ನೀರಗಂಟಿ ಅದನ್ನು ಎತ್ತಬೇಕು. ನಿಮ್ಮದು ತೂಬಿನ ಕೆಲಸ. ಆದ್ದರಿಂದ ‘ತೂಬುಮಟ್ಟ’ ಎನ್ನಿ, ಪಕ್ಕದಲ್ಲೇ ನೀರಗಂಟಿ ಯಾರೆಂಬುದನ್ನೂ ಬರೆಯಿರಿ. ಆ ದಿನ ಮಾಲೀಕರು ಊರಿನಲ್ಲಿಲ್ಲದಿದ್ದರೆ ಫೋನ್ ಮಾಡಿ ಗಾಡಿ ಹೇಳುವ ಹಕ್ಕು ಯಾರದು ಎಂಬುದು ಇರದ ಹಾಳೆ ಕೆಲಸಕ್ಕೆ ಬಾರದು.

ಲೆಕ್ಕದಲ್ಲೂ ಎರಡು ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಂಗಸರು ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಕೊಳ್ಳದೆ ಧರ್ಮಸ್ಥಳಕ್ಕೆ ಹೋಗಿಬರಬಹುದು. ಅದಕ್ಕೆ ಹಿಂದಿನ ಪುಸ್ತಕವನ್ನೂ ಈಚಿನದನ್ನೂ ಕಲಸಿ ‘ಮೂರರಲ್ಲಿ ಎರಡು ಪಾಲು’ ತೆಗೆದಿದ್ದರೆ ಅದನ್ನು ನಂಬಬೇಡಿ. ನನ್ನ ಅನುಭವದಲ್ಲಿ ಈಗ ಜನ ಮುಂಗಡ ಕೊಡುವುದೇ ತಡ. ಇನ್ನು, ಆ ದಿನ 19 ಜನ ಇದ್ದರೆ ಕೊನೆಗೆ 28 ಆಗುತ್ತದೆ. ದೊಡ್ಡ ಬಸ್ಸಿನಲ್ಲಿ 4,000 ನಷ್ಟ. ಮಿನಿ ಬಸ್ಸಿನಲ್ಲಿ 8,000 ಲಾಭ, ಆದರೆ ಏಳು ಜನಕ್ಕೆ ಇಲ್ಲವೆನ್ನಬೇಕು. ಆ ಏಳು ಜನ ವರ್ಷವರ್ಷವೂ ಬರುವವರಾದರೆ ನಾನು 4,000 ಕಳೆದುಕೊಳ್ಳುತ್ತಿದ್ದೆ.

ಪ್ರಶ್ನೆ ಕೇಳಿದವರಿಂದ:

‘ತೂಬುಮಟ್ಟ’ ಬಹಳ ಹಿಡಿಸಿತು. ಕೌಂಟರಿನ ಇಬ್ಬರನ್ನು ಕೇಳಿದೆ. ಹರಿಹರದ ಕಡೆಯವನಿಗೆ ತೂಬು ಗೊತ್ತು, ಪೇಟೆಯಲ್ಲೇ ಬೆಳೆದವನಿಗೆ ಗೊತ್ತಿಲ್ಲ. ಹಾಗಾಗಿ ಸದ್ಯಕ್ಕೆ ‘ನಿರ್ಧಾರದ ಮಟ್ಟ’ ಎಂದು ಬರೆದು, ಮುಂದೆ ‘ಮುಂಗಡ ಕಟ್ಟಿದವರು’ ಎಂದೂ, ನಿರ್ಧರಿಸುವವರ ಹೆಸರನ್ನೂ ಸೇರಿಸಿದ್ದೇನೆ. ‘ಓಡಿಸು’ ಎಂಬುದಕ್ಕೆ ನಮ್ಮ ಚಾಲಕರು ಒಪ್ಪಲಿಲ್ಲ, ಬಸ್ಸು ಓಡಿಸುವವರು ತಾವು ಎನ್ನುತ್ತಾರೆ. ‘ಎರಡನೇ ಗಾಡಿ ಹಾಕುವುದು’, ‘ಗಾಡಿ ರದ್ದು ಮಾಡುವುದು’ ಎಂದು ತಿದ್ದಿದ್ದೇನೆ. ಪುಸ್ತಕಗಳನ್ನು ಕಲಸಿದ್ದು ನಿಜ. 2023ರ ಕಾರ್ತಿಕದಿಂದ ಈಚಿನದನ್ನಷ್ಟೇ ತೆಗೆದು ಮತ್ತೆ ಲೆಕ್ಕ ಹಾಕುವವರೆಗೆ 20, 44 ಎರಡನ್ನೂ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ಮಿನಿ ಬಸ್ಸು ತುಂಬಿ ಕೆಲವರಿಗೆ ಇಲ್ಲವೆನ್ನಬೇಕಾಗುವ 15ರಿಂದ 19ರವರೆಗಿನ ಜಾಗಕ್ಕೆ ಪದವೂ ಸಿಕ್ಕಿಲ್ಲ, ಮಾಲೀಕರ ಒಪ್ಪಿಗೆಯೂ ಸಿಕ್ಕಿಲ್ಲ.