ಗುರಾಣಿಗೆ ಹೊಡೆದ ಮೇಲೆ ಆಟಗಾರನಿಗೇ ಪೆಟ್ಟು: ಫ್ರೇಮ್ ಲೆಕ್ಕ ಎಲ್ಲಿ ತಪ್ಪುತ್ತಿದೆ?

ಕತ್ತಿವರಸೆ:
ಗೋಡೋ 4ರಲ್ಲಿ 2ಡಿ ಆಕ್ಷನ್ ಗೇಮ್ ಮಾಡುತ್ತಿದ್ದೇನೆ, ಸೆಕೆಂಡಿಗೆ 60 ಫಿಸಿಕ್ಸ್ ಟಿಕ್. ಆಟಗಾರನ ಕತ್ತಿ ಏಟಿಗೆ ಸ್ಟಾರ್ಟಪ್ 14, ಆಕ್ಟಿವ್ 6, ರಿಕವರಿ 18 ಫ್ರೇಮ್. ಶತ್ರು ಗುರಾಣಿಯಲ್ಲಿ ತಡೆದರೆ ಅವನಿಗೆ 16 ಫ್ರೇಮ್ ಬ್ಲಾಕ್‌ಸ್ಟನ್. ಅವನ ಅತಿ ವೇಗದ ತಿವಿತ 8ನೇ ಫ್ರೇಮಿನಲ್ಲಿ ತಾಗುತ್ತದೆ. ನನ್ನ ಲೆಕ್ಕದಲ್ಲಿ ಆಟಗಾರ ತಡೆದುಕೊಳ್ಳಲು ಸಮಯ ಸಿಗಬೇಕು. ಆದರೆ ಹತ್ತಿರದಿಂದ ಹೊಡೆದಾಗಲೆಲ್ಲ ತಿವಿತ ತಾಗುತ್ತದೆ. ಕತ್ತಿಯ ತುದಿ ಮಾತ್ರ ತಾಗಿದರೆ ಪಾರು. ಗಾರ್ಡ್ ಬಟನ್ ಒತ್ತಿಯೇ ಇಟ್ಟಿರುತ್ತೇನೆ, ಗಾರ್ಡ್‌ಗೆ ಸ್ಟಾರ್ಟಪ್ ಇಲ್ಲ.

ಪಿಕ್ಸೆಲ್_ಹುಬ್ಬಳ್ಳಿ:
ಸ್ಟಾರ್ಟಪ್ 14 ಭಾಳ ಆತ್ರೀ. ಹತ್ತಕ್ಕ ಇಳಿಸ್ರಿ, ಏಟು ಲಗೂ ಮುಗೀತೈತಿ, ಗಾರ್ಡೂ ಲಗೂ ಸಿಗತೈತಿ.

ರಾತ್ರಿಪಾಳಿ:
ನನಗೂ ಇದೇ ತೊಂದರೆ. ಸ್ಟ್ರೀಟ್ ಫೈಟರ್ 6ರಲ್ಲಿ ಡ್ರೈವ್ ಇಂಪ್ಯಾಕ್ಟ್ ಬರುವುದು ಕಾಣುತ್ತದೆ, ಆದರೂ ಸಮಯಕ್ಕೆ ಸರಿಯಾಗಿ ಬಟನ್ ಒತ್ತಲು ಆಗುವುದಿಲ್ಲ. ಸೆಟ್ಟಿಂಗ್ ಏನಾದರೂ ಇದೆಯೇ?

ಅರವತ್ತು_ಎಫ್‌ಪಿಎಸ್:
ರಾತ್ರಿಪಾಳಿ ಅವರೇ, ನಿಮ್ಮದು ಎದುರಾಳಿಯ ಸ್ಟಾರ್ಟಪ್ ನೋಡಿ ಪ್ರತಿಕ್ರಿಯಿಸುವ ಪ್ರಶ್ನೆ. ಡ್ರೈವ್ ಇಂಪ್ಯಾಕ್ಟ್‌ಗೆ 26 ಫ್ರೇಮ್ ಇದೆ, ಅಂದರೆ ಸುಮಾರು 0.43 ಸೆಕೆಂಡು. ಟ್ರೇನಿಂಗ್ ಮೋಡ್‌ನಲ್ಲಿ ಡಮ್ಮಿಗೆ ಅದನ್ನು ರೆಕಾರ್ಡ್ ಮಾಡಿಸಿ, ಯಾವಾಗ ಬರುತ್ತದೆಂದು ಗೊತ್ತಾಗದ ಹಾಗೆ ಅಭ್ಯಾಸ ಮಾಡಿ. ಇಲ್ಲಿನ ಪ್ರಶ್ನೆ ಬೇರೆ: ಏಟು ತಾಗಿಯಾದ ಮೇಲೆ ಯಾರು ಮೊದಲು ಬಿಡುಗಡೆಯಾಗುತ್ತಾರೆ ಎಂಬುದು.

ಹಾಗಾಗಿ ಸ್ಟಾರ್ಟಪ್ ಇಳಿಸಿದರೆ ಪ್ರಯೋಜನವಿಲ್ಲ. ಕತ್ತಿ ಗುರಾಣಿಗೆ ತಾಗುವ ಹೊತ್ತಿಗೆ ಸ್ಟಾರ್ಟಪ್ ಕಳೆದುಹೋಗಿರುತ್ತದೆ. ಅದರಿಂದ ಬದಲಾಗುವುದು ಶತ್ರು ಏಟನ್ನು ಮಧ್ಯದಲ್ಲೇ ಮುರಿಯಬಲ್ಲನೇ ಎಂಬುದಷ್ಟೇ.

ಮೊದಲ ಆಕ್ಟಿವ್ ಫ್ರೇಮಿನಲ್ಲೇ ತಾಗಿದರೆ ಆಟಗಾರನಿಗೆ ಉಳಿಯುವುದು 5 ಆಕ್ಟಿವ್, 18 ರಿಕವರಿ, ಒಟ್ಟು 23. ಶತ್ರುವಿಗೆ 16. ಆಟಗಾರ 7 ಫ್ರೇಮ್ ಹಿಂದೆ. ಶತ್ರು ಬಿಡುಗಡೆಯಾದ 8ನೇ ಫ್ರೇಮಿಗೆ ಆಟಗಾರನ ಕೈಗೆ ಗಾರ್ಡ್ ಸಿಗಬೇಕು, ತಿವಿತ ತಾಗುವುದೂ ಆಗಲೇ. ಅಂದರೆ ಕೂದಲೆಳೆಯಲ್ಲಿ ಪಾರು. ನಿಮ್ಮ ಲೆಕ್ಕ ಸರಿಯಾಗಿಯೇ ಇದೆ.

ತುದಿ ತಾಗಿದಾಗ ಪಾರಾಗುವುದಕ್ಕೂ ಕಾರಣವಿದೆ. ಕತ್ತಿ ಬೀಸುತ್ತಾ ಬರುವುದರಿಂದ ದೂರದವನಿಗೆ ಅದು ಕೊನೆಯ ಆಕ್ಟಿವ್ ಫ್ರೇಮುಗಳಲ್ಲಿ ತಲುಪುತ್ತದೆ. 6ನೆಯದರಲ್ಲಿ ತಾಗಿದರೆ ಆಟಗಾರನಿಗೆ ಉಳಿಯುವುದು ಬರೀ 18, ಹಿಂದೆ ಬೀಳುವುದು 2 ಫ್ರೇಮ್ ಮಾತ್ರ. ಇದು ದೋಷವಲ್ಲ, ಉಳಿಸಿಕೊಳ್ಳಿ. ದೂರ ಅಳೆದು ಹೊಡೆಯುವವನಿಗೆ ಸಿಗಬೇಕಾದ ಲಾಭ ಅದು.

ಹತ್ತಿರದ ಏಟಿನಲ್ಲಿ ಎಲ್ಲೋ ಕೆಲವು ಫ್ರೇಮ್ ಸೋರುತ್ತಿದೆ. ಕಣ್ಣಳತೆ ಬೇಡ. ಇಬ್ಬರೂ ಬಿಡುಗಡೆಯಾಗುವ ಕ್ಷಣದಲ್ಲಿ `Engine.get_physics_frames()` ಪ್ರಿಂಟ್ ಮಾಡಿ ವ್ಯತ್ಯಾಸ ಹೇಳಿ. ಹಿಟ್‌ಸ್ಟಾಪ್ ಇದೆಯೇ?

ಕತ್ತಿವರಸೆ:
ವ್ಯತ್ಯಾಸ 11 ಬಂತು! ಹಿಟ್‌ಸ್ಟಾಪ್ 4 ಫ್ರೇಮ್ ಇದೆ. ಆದರೆ ತೆರೆಯ ಮೇಲೆ ಇಬ್ಬರೂ ನಿಲ್ಲುತ್ತಾರೆ.

ಅರವತ್ತು_ಎಫ್‌ಪಿಎಸ್:
7ಕ್ಕೆ 4 ಸೇರಿದರೆ 11. ಅನಿಮೇಶನ್ ನಿಂತಿದೆ, ಆದರೆ ಶತ್ರುವಿನ ಬ್ಲಾಕ್‌ಸ್ಟನ್ ಎಣಿಕೆ ನಿಂತಿಲ್ಲ. ಅವನ 16ರಲ್ಲಿ 4 ಫ್ರೇಮ್ ಹಿಟ್‌ಸ್ಟಾಪ್‌ನಲ್ಲೇ ಕರಗುತ್ತಿದೆ. ಶತ್ರುವಿನ ಸ್ಕ್ರಿಪ್ಟಿನಲ್ಲಿ ಕ್ರಮ ಹೀಗಿರಬೇಕು:

```gdscript
func _physics_process(_delta):
    if hitstop_left > 0:
        hitstop_left -= 1
        return
    if blockstun_left > 0:
        blockstun_left -= 1
        return
    choose_action()
```

ಬ್ಲಾಕ್‌ಸ್ಟನ್ ಇಳಿಸುವ ಸಾಲು ಮೊದಲ `return`ಗಿಂತ ಮೇಲಿದ್ದರೆ, ಅಥವಾ ಅದಕ್ಕೆ ಬೇರೆ ಟೈಮರ್ ನೋಡ್ ಇಟ್ಟಿದ್ದರೆ, ಹೀಗೇ ಆಗುತ್ತದೆ.

ಪಿಕ್ಸೆಲ್_ಹುಬ್ಬಳ್ಳಿ:
ಸ್ಟಾರ್ಟಪ್ ವಿಷಯ ಒಪ್ಪಿದೆ. ಆದ್ರ ರಿಕವರಿ 18ರಿಂದ 12ಕ್ಕ ಇಳಿಸಿದ್ರ ಇಷ್ಟೆಲ್ಲಾ ಹುಡುಕೋದು ಬೇಕಾಗಿರಲಿಲ್ಲಲ್ರೀ?

ಅರವತ್ತು_ಎಫ್‌ಪಿಎಸ್:
ಪೆಟ್ಟು ತಪ್ಪುತ್ತಿತ್ತು, ನಿಜ. ಆದರೆ ರಿಕವರಿ ಇಳಿದರೆ ಗಾಳಿಗೆ ಬೀಸಿದ ಏಟಿನದೂ ಇಳಿಯುತ್ತದೆ. ಗುರಿ ತಪ್ಪಿದವನನ್ನು ಶಿಕ್ಷಿಸಲು ಶತ್ರುವಿಗೆ ಸಮಯವೇ ಇರುವುದಿಲ್ಲ, ಆಟಗಾರ ಬಟನ್ ಒತ್ತುತ್ತಲೇ ಇರಬಹುದು. ತಡೆದಾಗಿನ ಅಪಾಯವನ್ನಷ್ಟೇ ಇಳಿಸಬೇಕಿದ್ದರೆ ಬ್ಲಾಕ್‌ಸ್ಟನ್ ಹೆಚ್ಚಿಸಿ, ಇಲ್ಲವೇ ತಡೆದವನನ್ನು ತಿವಿತದ ಅಳವಿಯಿಂದ ಆಚೆ ತಳ್ಳಿ.

ಕತ್ತಿವರಸೆ:
ಟೈಮರ್ ನೋಡ್ ಇತ್ತು, ತೆಗೆದೆ. ಈಗ ಹೆಚ್ಚಿನ ಶತ್ರುಗಳಿಗೆ 7 ಬರುತ್ತಿದೆ, ತಿವಿತ ತಡೆಯುತ್ತಿದ್ದೇನೆ. ಆದರೆ ಕೆಲವರಿಗೆ 8 ಬರುತ್ತದೆ, ಅವರ ತಿವಿತ ತಾಗುತ್ತದೆ. ಸೀನ್ ಟ್ರೀಯಲ್ಲಿ ಆಟಗಾರನಿಗಿಂತ ಕೆಳಗಿರುವವರು ಮಾತ್ರ ಹೀಗೆ.

ಅರವತ್ತು_ಎಫ್‌ಪಿಎಸ್:
ಕೆಳಗಿನ ನೋಡ್‌ನ ಸರದಿ ಅದೇ ಟಿಕ್‌ನಲ್ಲಿ ಆಮೇಲೆ ಬರುತ್ತದೆ. ಏಟು ಬಿದ್ದ ಟಿಕ್‌ನಲ್ಲೇ ಅವನ ಎಣಿಕೆ ಶುರುವಾಗಿ ಒಂದು ಫ್ರೇಮ್ ಮುಂದೆ ಹೋಗುತ್ತಾನೆ. `process_physics_priority` ಬದಲಿಸಿದರೆ ಈ ಸಾಲಿನವರು ಸರಿಯಾಗಬಹುದು, ಆದರೆ ಶತ್ರು ಆಟಗಾರನನ್ನು ಹೊಡೆದಾಗ ಅದೇ ಒಂದು ಫ್ರೇಮ್ ಎದುರು ದಿಕ್ಕಿಗೆ ವಾಲುತ್ತದೆ. ತಾಗಿದ ಏಟುಗಳನ್ನೆಲ್ಲ ಒಂದು ಪಟ್ಟಿಗೆ ಹಾಕಿ, ಎಲ್ಲರ ಸರದಿ ಮುಗಿದ ಮೇಲೆ ಒಟ್ಟಿಗೆ ಜಾರಿ ಮಾಡುವುದು ನನಗೆ ಸರಿ ಕಾಣುತ್ತದೆ.

ಕತ್ತಿವರಸೆ:
ಪಟ್ಟಿ ಮಾಡಿ ನೋಡುತ್ತೇನೆ. ಒಂದೇ ಟಿಕ್‌ನಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಹೊಡೆದರೆ ಆಗ ಇಬ್ಬರಿಗೂ ಪೆಟ್ಟು ಬೀಳಬೇಕೇ, ಕತ್ತಿಗೆ ಕತ್ತಿ ತಾಗಿ ಇಬ್ಬರೂ ಹಿಂದೆ ಸರಿಯಬೇಕೇ?