ಅಪ್‌ಡೇಟ್: ಮಾವನ ಮಾತ್ರೆ ಚೀಟಿ ತೆಲುಗಿಗೆ ಬಂತು

ನನ್ನ ಪ್ರಶ್ನೆ: ಬೆಂಗಳೂರಿನಲ್ಲಿ ಸ್ಟೆಂಟ್ ಹಾಕಿಸಿಕೊಂಡ ಮಾವ ಹಿಂದೂಪುರಕ್ಕೆ ಹೊರಟಿದ್ದಾರೆ. ಡಿಸ್ಚಾರ್ಜ್ ಸಮರಿ ಇಂಗ್ಲಿಷಿನಲ್ಲಿದೆ, ಅತ್ತೆ ಓದೋದು ತೆಲುಗು ಮಾತ್ರ. ಹೇಗೆ ಬರೆದುಕೊಡಲಿ?

ಅಪ್‌ಡೇಟ್: ಪೂರ್ತಿ ಸಮರಿ ಅನುವಾದಿಸಲಿಲ್ಲ. ಮಾತ್ರೆಗಳ ಭಾಗವನ್ನಷ್ಟೇ ತೆಲುಗಿನಲ್ಲಿ ಬರೆದೆ. 1-0-1 ಅನ್ನುವುದನ್ನು ಬಿಟ್ಟು ‘ಬೆಳಗ್ಗೆ ತಿಂಡಿಗೆ ಮುಂಚೆ’, ‘ರಾತ್ರಿ ಊಟವಾದ ಮೇಲೆ’ ಎಂದು ಹೊತ್ತಿನ ಪ್ರಕಾರ ಜೋಡಿಸಿದೆ. ಮಾತ್ರೆಯ ಹೆಸರನ್ನು ಮಾತ್ರ ಸ್ಟ್ರಿಪ್ ಮೇಲಿರುವಂತೆ ಇಂಗ್ಲಿಷ್ ಅಕ್ಷರದಲ್ಲೇ ಬಿಟ್ಟು, ಪಕ್ಕದಲ್ಲಿ ತೆಲುಗಿನಲ್ಲಿ ಉಚ್ಚಾರಣೆ ಕೊಟ್ಟೆ. ಇಲ್ಲದಿದ್ದರೆ ಸ್ಟ್ರಿಪ್ ಜೊತೆ ತಾಳೆ ನೋಡೋದು ಹೇಗೆ, ಅಲ್ವಾ?

ಆಮೇಲೆ ಅತ್ತೆಗೆ ಚೀಟಿ ಕೊಟ್ಟು, “ಒಂದು ದಿನದ ಮಾತ್ರೆ ತೆಗೆದಿಡಿ” ಅಂದೆ. ಆಗ ಸಿಕ್ಕಿದ್ದು ದೊಡ್ಡ ವಿಷಯ. ಹೊಸ ಕ್ಯಾಪ್ಸೂಲ್‌ನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೋಗ್ರೆಲ್ ಜೊತೆ ಆಸ್ಪಿರಿನ್ 75 ಮಿಲಿಗ್ರಾಂ ಇದೆ. ಮನೆಯಲ್ಲಿದ್ದ ಹಳೇ ಆಸ್ಪಿರಿನ್ನೂ ಅವರು ಪಕ್ಕದಲ್ಲೇ ಇಟ್ಟರು! ಎರಡೂ ಸೇರಿದರೆ ರಕ್ತಸ್ರಾವದ ಭಯ ಜಾಸ್ತಿ. ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ, ಹಳೇದು ಬೇಡ ಅಂದರು. ಚೀಟಿಗೆ ‘ನಿಲ್ಲಿಸಿದ ಮಾತ್ರೆಗಳು’ ಎಂಬ ಸಾಲು ಸೇರಿಸಿದೆ.

ಕ್ಯಾಪ್ಸೂಲ್ ಮುಂದೆ ದಪ್ಪಕ್ಷರದಲ್ಲಿ ಇನ್ನೊಂದು ಸಾಲಿದೆ: ‘ಸ್ಟ್ರಿಪ್ ಮುಗಿದರೂ ನಿಲ್ಲಿಸಬೇಡಿ, ಡಾಕ್ಟರ್ ಹೇಳುವವರೆಗೆ ತೆಗೆದುಕೊಳ್ಳುತ್ತಿರಿ.’ ಹೇಳದೆ ಕೇಳದೆ ನಿಲ್ಲಿಸಿದರೆ ಸ್ಟೆಂಟ್‌ನಲ್ಲಿ ರಕ್ತ ಹೆಪ್ಪುಗಟ್ಟಬಹುದು.